ಗಲ್ಲಾದಲ್ಲಿ ಕೂತವರೆಲ್ಲ ಯಜಮಾನರಲ್ಲ

ನಮ್ಮ ಬಡಾವಣೆಯ ಹೋಟೆಲಿನ ಗಲ್ಲಾದಲ್ಲಿ ಹನ್ನೆರಡು ವರ್ಷದಿಂದ ಒಬ್ಬರೇ ಕೂರುತ್ತಾರೆ. ಒಂದು ದಿನ ಚಿಲ್ಲರೆ ಎಣಿಸುತ್ತಾ ಅವರಂದರು: ‘ದಿನಕ್ಕೆ ಎಂಬತ್ತು ಸಾವಿರ ವ್ಯಾಪಾರ ನನ್ನ ಕೈಮೇಲೇ ಆಗುತ್ತೆ ಸಾರ್.’ ಸುಳ್ಳೇನಲ್ಲ. ಆದರೆ ದೋಸೆಯ ಬೆಲೆ ಐದು ರೂಪಾಯಿ ಏರಿಸುವುದು, ಅಡುಗೆ ಭಟ್ಟರನ್ನು ಬದಲಿಸುವುದು, ಪಕ್ಕದ ಮಳಿಗೆಯನ್ನೂ ಬಾಡಿಗೆಗೆ ಹಿಡಿಯುವುದು ಇವೆಲ್ಲ ಯಜಮಾನರಿಗೆ ಬಿಟ್ಟ ವಿಷಯ. ಸಂಜೆ ಹೊತ್ತಿಗೆ ಹಣ ಕಡಿಮೆ ಬಿದ್ದರೆ ಇವರು ಲೆಕ್ಕ ಒಪ್ಪಿಸಬೇಕು. ವರ್ಷದ ಕೊನೆಗೆ ಲಾಭ ಕಡಿಮೆ ಬಿದ್ದರೆ ಇವರನ್ನು ಯಾರೂ ಕೇಳುವುದಿಲ್ಲ.

ದೊಡ್ಡ ಅಧಿಕಾರಿಗಳ ರೆಸ್ಯೂಮೆ ಓದುವಾಗಲೆಲ್ಲ ನನಗೆ ಈ ಗಲ್ಲಾ ನೆನಪಾಗುತ್ತದೆ. ಕಂಪನಿಯೊಂದರ ಹಣಕಾಸು ವಿಭಾಗದಿಂದ ನಿವೃತ್ತನಾದ ಮೇಲೆ ಪರಿಚಯದ ಕೆಲವು ಉದ್ದಿಮೆದಾರರಿಗೆ ಈ ಓದಿನಲ್ಲಿ ನೆರವಾಗುತ್ತೇನೆ. ಮುಂದೆ ಹೇಳುವ ಪ್ರಸಂಗ ಅಂಥದ್ದೊಂದು. ಯಾರ ಗುರುತೂ ಸಿಗದಂತೆ ಊರು, ಅಂಕಿಗಳನ್ನು ಬದಲಿಸಿದ್ದೇನೆ; ಲೆಕ್ಕದ ಹದ ಮಾತ್ರ ಇದ್ದ ಹಾಗೇ ಇದೆ.

ಪೀಣ್ಯದಲ್ಲೊಂದು, ತುಮಕೂರಿನ ಆಚೆ ವಸಂತನರಸಾಪುರದಲ್ಲೊಂದು ಕಾರ್ಖಾನೆ ಇರುವ ಕಂಪನಿ. ಅದರ ವಾಲ್ವ್ ವಿಭಾಗದ ವಹಿವಾಟು ವರ್ಷಕ್ಕೆ ಸುಮಾರು ₹180 ಕೋಟಿ. ಹೊರಗಿನ ಹೂಡಿಕೆದಾರರು ದುಡ್ಡು ಹಾಕಿದ್ದರಿಂದ ಬೋರ್ಡಿನಲ್ಲಿ ಅವರ ಕಡೆಯ ಇಬ್ಬರು ಕೂರುತ್ತಾರೆ. ಈ ವಿಭಾಗಕ್ಕೆ ಒಬ್ಬ ಡೈರೆಕ್ಟರ್ ಬೇಕಾಗಿತ್ತು. ಜಾಹೀರಾತು ಒಂದೂವರೆ ಪುಟವಿದ್ದರೂ ತಿರುಳು ಎರಡೇ ಸಾಲು: ವಿಭಾಗದ ಲಾಭ-ನಷ್ಟದ ಪೂರ್ತಿ ಹೊಣೆ, ಮೂರು ತಿಂಗಳಿಗೊಮ್ಮೆ ಬೋರ್ಡಿಗೆ ವರದಿ. ಉಳಿದದ್ದೆಲ್ಲ, ಅಂದರೆ ನಾಯಕತ್ವ, ದೂರದೃಷ್ಟಿ, ತಂಡ ಕಟ್ಟುವ ಕಲೆ, ಯಾವ ಜಾಹೀರಾತಿನಲ್ಲಾದರೂ ಇರುತ್ತದೆ. ಆ ಎರಡು ಸಾಲುಗಳನ್ನು ಒಂದು ಹಾಳೆಯ ಮೇಲೆ ಬರೆದು ಮೇಜಿನ ಮೇಲಿಟ್ಟುಕೊಂಡೆ. ಬಂದ ರೆಸ್ಯೂಮೆಗಳನ್ನೆಲ್ಲ ಇವೆರಡಕ್ಕೇ ಹೊಂದಿಸಿ ನೋಡುವುದು, ಬೇರೆ ಥಳುಕಿಗೆ ಮರುಳಾಗಬಾರದು ಎಂದು ನನಗೆ ನಾನೇ ಹಾಕಿಕೊಂಡ ಕಟ್ಟು.

ಮೊದಲು ‘ಡೈರೆಕ್ಟರ್’ ಎಂಬ ಪದದ ಗೊಂದಲ ಬಿಡಿಸಿಕೊಳ್ಳಬೇಕು. 2013ರ ಕಂಪನಿ ಕಾಯ್ದೆಯ ಪ್ರಕಾರ ಡೈರೆಕ್ಟರ್ ಅಂದರೆ ಬೋರ್ಡಿಗೆ ನೇಮಕವಾದವರು. ಅವರಿಗೆ ‘ಡಿನ್’ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಬೆಂಗಳೂರಿನ ಐ.ಟಿ. ಕಂಪನಿಗಳಲ್ಲಾದರೋ ಡೈರೆಕ್ಟರ್ ಎಂಬುದು ಸೀನಿಯರ್ ಮ್ಯಾನೇಜರ್‌ಗಿಂತ ಮೇಲಿನ, ವೈಸ್ ಪ್ರೆಸಿಡೆಂಟ್‌ಗಿಂತ ಕೆಳಗಿನ ಒಂದು ಮೆಟ್ಟಿಲು. ಒಂದೇ ಕಟ್ಟಡದಲ್ಲಿ ಅಂಥವರು ನಲವತ್ತು ಜನ ಇರಬಹುದು, ಒಬ್ಬರೂ ಬೋರ್ಡ್ ಮೀಟಿಂಗಿನ ಬಾಗಿಲು ನೋಡಿರಲಿಕ್ಕಿಲ್ಲ. ನಮ್ಮ ಹುದ್ದೆಯೂ ಕಾಯ್ದೆಯ ಅರ್ಥದ್ದಲ್ಲ. ಬೋರ್ಡಿನಲ್ಲಿ ಕುರ್ಚಿಯಿಲ್ಲ, ಆದರೆ ಬೋರ್ಡಿನ ಮುಂದೆ ನಿಂತು ಉತ್ತರ ಹೇಳಬೇಕು. ಹಾಗಾಗಿ ರೆಸ್ಯೂಮೆಯಲ್ಲಿ ಡೈರೆಕ್ಟರ್ ಎಂದಿದೆಯೋ ಜನರಲ್ ಮ್ಯಾನೇಜರ್ ಎಂದಿದೆಯೋ ಎಂಬುದನ್ನು ನಾನು ಗಣನೆಗೇ ತೆಗೆದುಕೊಳ್ಳಲಿಲ್ಲ.

ಎಲ್ಲಕ್ಕಿಂತ ಮೇಲೆ ಬಂದು ಕೂತಿದ್ದ ರೆಸ್ಯೂಮೆ ಹೊರವರ್ತುಲ ರಸ್ತೆಯಲ್ಲಿರುವ ಒಂದು ವಿದೇಶಿ ಕಂಪನಿಯ ಬೆಂಗಳೂರು ಕೇಂದ್ರದ ಮುಖ್ಯಸ್ಥರದು. ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ‘₹336 ಕೋಟಿಯ ಪಿ ಅಂಡ್ ಎಲ್ ಹೊಣೆ’. ಕೆಳಗೆ, ಭಾರತದ ಅಂಗಸಂಸ್ಥೆಯ ಬೋರ್ಡ್ ಸದಸ್ಯರು ಎಂದೂ ಇತ್ತು. ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ನೋಡಿದರೆ ಅದೂ ನಿಜ, ಡಿನ್ ಇದೆ. ಕಂಪನಿಯ ಎಂ.ಡಿ.ಗೆ ಖುಷಿಯಾಗಿತ್ತು. ‘ನಮಗಿಂತ ಡಬ್ಬಲ್ ಸೈಜು ನೋಡ್ಕೊಂಡಿದ್ದಾರೆ, ಬೋರ್ಡಲ್ಲೂ ಇದ್ದಾರೆ, ಇನ್ನೇನು ಬೇಕು?’ ಎಂದರು.

ಇಂಥ ಕೇಂದ್ರಗಳ ಲೆಕ್ಕ ಹೇಗಿರುತ್ತದೆ ಎಂದು ಅವರಿಗೆ ಒಂದು ಚೀಟಿಯ ಮೇಲೆ ಬರೆದು ತೋರಿಸಿದೆ. ಬೆಂಗಳೂರಿನ ಕೇಂದ್ರ ಹೊರಗಿನ ಗಿರಾಕಿಗೆ ಏನನ್ನೂ ಮಾರುವುದಿಲ್ಲ. ತನ್ನ ಖರ್ಚಿನ ಮೇಲೆ ಇಂತಿಷ್ಟು ಶೇಕಡಾ ಸೇರಿಸಿ ಮೂಲ ಕಂಪನಿಗೆ ಬಿಲ್ ಕಳಿಸುತ್ತದೆ. ಆ ಶೇಕಡಾವಾರು ತೆರಿಗೆ ನಿಯಮಗಳಿಗೆ ಒಪ್ಪುವಂತೆ ಮೊದಲೇ ಗೊತ್ತಾಗಿರುತ್ತದೆ. ಶೇ 12 ಎಂದಿಟ್ಟುಕೊಳ್ಳಿ. ₹300 ಕೋಟಿ ಖರ್ಚಾದರೆ ₹36 ಕೋಟಿ ಸೇರಿಸಿ ₹336 ಕೋಟಿಯ ಬಿಲ್. ಈಗ ಮುಖ್ಯಸ್ಥರು ಬಹಳ ದಕ್ಷರು, ಅದೇ ಕೆಲಸವನ್ನು ₹270 ಕೋಟಿಯಲ್ಲಿ ಮುಗಿಸಿದರು ಅನ್ನೋಣ. ಲಾಭ ಏರಬೇಕಲ್ಲವೇ? ಇಲ್ಲ, ₹32.4 ಕೋಟಿಗೆ ಇಳಿಯುತ್ತದೆ! ಮಿತವ್ಯಯ ಮಾಡಿದಷ್ಟೂ ಲಾಭ ಕರಗುವ, ದುಂದು ಮಾಡಿದಷ್ಟೂ ಬೆಳೆಯುವ ಲಾಭ-ನಷ್ಟದ ಪಟ್ಟಿ ಅದು. ಹೆಸರು ಪಿ ಅಂಡ್ ಎಲ್; ಒಳಗಿರುವುದು ಖರ್ಚಿನ ಬಜೆಟ್.

ಬೋರ್ಡಿನ ಮಾತೂ ಹೀಗೆಯೇ. ಅಂಗಸಂಸ್ಥೆಯ ಬೋರ್ಡು ಕಾನೂನಿನಂತೆ ವರ್ಷಕ್ಕೆ ನಾಲ್ಕು ಸಲ ಸೇರುತ್ತದೆ, ವಾರ್ಷಿಕ ಲೆಕ್ಕಪತ್ರ ಒಪ್ಪುತ್ತದೆ, ಬ್ಯಾಂಕ್ ಖಾತೆಗೆ ಸಹಿ ಮಾಡುವವರನ್ನು ಬದಲಿಸುತ್ತದೆ. ಯಾವ ಉತ್ಪನ್ನ ಉಳಿಯಬೇಕು, ಯಾವುದನ್ನು ಮುಚ್ಚಬೇಕು ಎಂಬ ಚರ್ಚೆ ಸಮುದ್ರದ ಆಚೆ ನಡೆಯುತ್ತದೆ. ಎರಡು ಸಾವಿರ ಎಂಜಿನಿಯರುಗಳನ್ನು ಹಿಡಿದಿಟ್ಟುಕೊಂಡು ಕೆಲಸ ತೆಗೆಯುವುದು ಸಣ್ಣ ಮಾತಲ್ಲ, ನನಗಂತೂ ಆಗದು. ಆದರೆ ಆ ಸಾಮರ್ಥ್ಯ ನನ್ನ ಹಾಳೆಯ ಎರಡು ಸಾಲುಗಳಿಗೆ ಉತ್ತರವಾಗುವುದಿಲ್ಲ. ಅವರು ಹಿಂದೆ ಮಾರುಕಟ್ಟೆಗೆ ಮಾರುವ ವಿಭಾಗವನ್ನೇನಾದರೂ ನಡೆಸಿದ್ದರೆ ಮಾತು ಬೇರೆ ಎಂದು ಕೆಳಗಿನ ಸಾಲುಗಳನ್ನೂ ಹುಡುಕಿದೆ. ಸಿಗಲಿಲ್ಲ.

ಎರಡನೆಯ ರೆಸ್ಯೂಮೆ ಒಬ್ಬ ಮಹಿಳೆಯದು. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯೊಂದರ ಪಂಪ್ ವಿಭಾಗದ ಮುಖ್ಯಸ್ಥೆ. ಅದರಲ್ಲಿ ಎರಡು ಸಾಲು ಕಣ್ಣು ಸೆಳೆದವು. ‘2018-19ರಿಂದ 2021-22ರವರೆಗೆ ವಹಿವಾಟು ₹130 ಕೋಟಿಯಿಂದ ₹182 ಕೋಟಿಗೆ, ಶೇ 40 ಬೆಳವಣಿಗೆ.’ ‘ಎಬಿಟ್ಡಾ ಶೇ 8ರಿಂದ ಶೇ 13ಕ್ಕೆ.’ ಎಬಿಟ್ಡಾ ಅಂದರೆ ಬಡ್ಡಿ, ತೆರಿಗೆ, ಸವಕಳಿಗಳನ್ನು ಕಳೆಯುವ ಮುಂಚೆ ಉಳಿಯುವ ಲಾಭ. ದಿನನಿತ್ಯದ ವ್ಯಾಪಾರ ಎಷ್ಟು ಗಿಟ್ಟಿತು ಎಂಬುದರ ಅಳತೆ. ನಮ್ಮ ವಿಭಾಗದ ಗಾತ್ರವೇ, ನಮ್ಮ ಬಗೆಯ ಗಿರಾಕಿಗಳೇ. ಇಲ್ಲಿ ನಿಂತು ನೋಡಬೇಕು ಅನಿಸಿತು.

ನೋಂದಾಯಿತ ಕಂಪನಿಯ ಅನುಕೂಲವೆಂದರೆ ವಾರ್ಷಿಕ ವರದಿ ಯಾರು ಬೇಕಾದರೂ ಓದುವಂತಿರುತ್ತದೆ. ಅದರ ಕೊನೆಯ ಪುಟಗಳಲ್ಲಿ ಲೆಕ್ಕದ ಟಿಪ್ಪಣಿಗಳ ನಡುವೆ ‘ಸೆಗ್ಮೆಂಟ್’ ಎಂಬ ಟಿಪ್ಪಣಿ ಸಿಗುತ್ತದೆ: ಯಾವ ವಿಭಾಗಕ್ಕೆ ಎಷ್ಟು ವಹಿವಾಟು, ಎಷ್ಟು ಲಾಭ, ಎಷ್ಟು ಆಸ್ತಿ. ಸಣ್ಣ ವಿಭಾಗಗಳನ್ನು ಒಟ್ಟುಗೂಡಿಸಿ ತೋರಿಸುವ ರೂಢಿಯಿರುವುದರಿಂದ ಎಲ್ಲ ಅಭ್ಯರ್ಥಿಗಳ ವಿಷಯದಲ್ಲೂ ಇದು ನೆರವಿಗೆ ಬಾರದು. ಇವರ ಪಂಪ್ ವಿಭಾಗ ಬೇರೆಯಾಗಿಯೇ ಇತ್ತು. ₹130 ಕೋಟಿ, ₹182 ಕೋಟಿ ಎರಡೂ ತಾಳೆಯಾದವು. ಇಷ್ಟಕ್ಕೇ ತೃಪ್ತರಾಗುವವರು ಬಹಳ ಜನ. ಅಂಕಿ ನಿಜವಿರುವುದು ಬೇರೆ, ಆ ಅಂಕಿ ಇವರಿಂದ ಆದದ್ದು ಬೇರೆ.

ಅದೇ ವರದಿಯ ಇನ್ನೊಂದು ಟಿಪ್ಪಣಿಯಲ್ಲಿ, ಕಂಪನಿಯು ಕೊಯಮತ್ತೂರಿನ ಸಣ್ಣ ಘಟಕವೊಂದನ್ನು ಕೊಂಡು ಪಂಪ್ ವಿಭಾಗಕ್ಕೆ ಸೇರಿಸಿದ ಸಂಗತಿಯಿತ್ತು. ಅದರ ವಹಿವಾಟು ₹20 ಕೋಟಿ. ಕೊಳ್ಳುವ ತೀರ್ಮಾನ ಮುಖ್ಯ ಕಚೇರಿಯದು. ಅದನ್ನು ಬದಿಗಿಟ್ಟರೆ ₹182 ಕೋಟಿ ₹162 ಕೋಟಿಯಾಯಿತು, ಬೆಳವಣಿಗೆ ಶೇ 25ರ ಹತ್ತಿರಕ್ಕೆ ಬಂತು. ಆಮೇಲೆ ಉಕ್ಕು. 2021ರಲ್ಲಿ ಉಕ್ಕಿನ ಬೆಲೆ ಹೇಗೆ ಏರಿತೆಂದು ಪೀಣ್ಯದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಈ ವ್ಯಾಪಾರದಲ್ಲಿ ಕಚ್ಚಾ ಸಾಮಗ್ರಿ ಏರಿದಷ್ಟು ಮಾರುವ ದರ ಏರಿಸಿಕೊಳ್ಳುವ ಷರತ್ತು ಗಿರಾಕಿಯ ಒಪ್ಪಂದದಲ್ಲೇ ಇರುವುದುಂಟು. ಮೂರು ವರ್ಷದಲ್ಲಿ ದರ ಒಟ್ಟು ಶೇ 12 ಏರಿದೆಯೆಂದು ಹಿಡಿದರೆ, ಹಳೆಯ ದರದಲ್ಲಿ ಆ ₹162 ಕೋಟಿಯ ಬೆಲೆ ₹145 ಕೋಟಿಯಷ್ಟೇ. ಹೆಚ್ಚಾಗಿ ಮಾರಿದ ಪಂಪುಗಳ ಲೆಕ್ಕದಲ್ಲಿ ಬೆಳವಣಿಗೆ ಶೇ 11, ಅದೂ ಮೂರು ವರ್ಷ ಸೇರಿ. ನಡುವೆ ಕೋವಿಡ್ ಬಂದು ಹೋಗಿತ್ತು ಎಂಬುದನ್ನು ನೆನೆದರೆ ಇದು ಕಳಪೆಯಲ್ಲ. ಆದರೆ ನಲವತ್ತು ಎಲ್ಲಿ, ಹನ್ನೊಂದು ಎಲ್ಲಿ!

ಲಾಭದ ಸಾಲಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಗಂಟಿತ್ತು. 2019ರ ಏಪ್ರಿಲ್ 1ರಿಂದ ಭಾರತದ ದೊಡ್ಡ ಕಂಪನಿಗಳಿಗೆ ಗುತ್ತಿಗೆಯ ಲೆಕ್ಕದ ನಿಯಮ ಬದಲಾಯಿತು, ‘ಇಂಡ್ ಎಎಸ್ 116’ ಎಂದು ಅದರ ಹೆಸರು. ಅದಕ್ಕೆ ಮುಂಚೆ ಗೋದಾಮು, ಶೆಡ್ಡುಗಳಿಗೆ ಕಟ್ಟುವ ಬಾಡಿಗೆ ಖರ್ಚಿನ ಪಟ್ಟಿಯಲ್ಲಿ ಬಂದು ಎಬಿಟ್ಡಾವನ್ನು ಕಡಿಮೆ ಮಾಡುತ್ತಿತ್ತು. ಹೊಸ ನಿಯಮದಲ್ಲಿ ದೀರ್ಘಾವಧಿ ಬಾಡಿಗೆಯನ್ನು ಸವಕಳಿ ಮತ್ತು ಬಡ್ಡಿ ಎಂದು ಒಡೆದು ತೋರಿಸಬೇಕು. ಎಬಿಟ್ಡಾ ಎಂದರೆ ಅವೆರಡನ್ನೂ ಕಳೆಯುವ ಮುಂಚಿನ ಲಾಭವಾದ್ದರಿಂದ, ಮಾಲೀಕನಿಗೆ ಕೊಡುವ ಬಾಡಿಗೆ ಒಂದು ರೂಪಾಯಿಯೂ ಇಳಿಯದೆ ಎಬಿಟ್ಡಾ ಮಾತ್ರ ಮೇಲೇರಿತು. 2018-19ನ್ನು 2021-22ರೊಂದಿಗೆ ಹೋಲಿಸುವ ಯಾವ ರೆಸ್ಯೂಮೆಯಲ್ಲೂ ಇದು ಅಡಗಿ ಕೂತಿರಬಹುದು. ಈ ವಿಭಾಗದ ಬಾಡಿಗೆ ವರ್ಷಕ್ಕೆ ₹4 ಕೋಟಿ. ₹182 ಕೋಟಿಯ ಶೇ 13 ಎಂದರೆ ₹23.66 ಕೋಟಿ, ಅದರಲ್ಲಿ ಬಾಡಿಗೆ ಕಳೆದರೆ ₹19.66 ಕೋಟಿ, ಅಂದರೆ ಶೇ 10.8. ಎಂಟರಿಂದ ಹದಿಮೂರಕ್ಕೆ ಏರಿದ ಐದರಲ್ಲಿ ಎರಡು ಚಿಲ್ಲರೆ ಅಕೌಂಟೆಂಟರ ಕೊಡುಗೆ, ಉಳಿದ 2.8 ಕಾರ್ಖಾನೆಯ ಗಳಿಕೆ.

ಇಷ್ಟು ಹೊತ್ತಿಗೆ ಓದುಗರು ಇವರನ್ನು ಕೈಬಿಟ್ಟೆ ಅಂದುಕೊಂಡಿರಬೇಕು. ಇಲ್ಲ, ಭೇಟಿಗೆ ಕರೆಯಲು ಹೇಳಿದೆ. ರೆಸ್ಯೂಮೆಯಲ್ಲಿ ಒಳ್ಳೆಯ ಅಂಕಿಯನ್ನು ಮುಂದಿಡದವರು ಯಾರಿದ್ದಾರೆ? ಆ ಅಂಕಿಯೊಳಗೆ ಏನೇನಿದೆಯೆಂದು ಅವರಿಗೇ ಗೊತ್ತಿದೆಯೋ ಇಲ್ಲವೋ ಎಂಬುದು ನನಗೆ ಬೇಕಾಗಿತ್ತು.

ಬಂದವರ ಮುಂದೆ ನಾನು ಒಂದು ಬಿಳಿ ಹಾಳೆ ಇಡುತ್ತೇನೆ. ‘ಹೋದ ವರ್ಷದ ನಿಮ್ಮ ವಿಭಾಗದ ಲಾಭ-ನಷ್ಟ ಸುಮಾರಾಗಿ ಬರೀತೀರಾ? ಗುಟ್ಟಿನ ಅಂಕಿ ಬೇಡ, ವಹಿವಾಟು ನೂರು ಅಂದ್ಕೊಂಡು ಶೇಕಡಾ ಬರೀರಿ’ ಎನ್ನುತ್ತೇನೆ. ಮಾರಾಟದಿಂದ ಬಂದವರು ಮೊದಲ ಸಾಲನ್ನು ಚಕಚಕನೆ ಬರೆದು, ಸಾಮಗ್ರಿ ವೆಚ್ಚದ ಕೆಳಗೆ ಪೆನ್ನು ಎತ್ತಿಬಿಡುತ್ತಾರೆ. ಕಾರ್ಖಾನೆಯಿಂದ ಬಂದವರು ಸಂಬಳ, ಕರೆಂಟು, ಸ್ಕ್ರಾಪು ಎಲ್ಲ ಬರೆದು ಮೇಲಿನ ಸಾಲಿನ ರಿಯಾಯಿತಿ, ಕಮಿಷನ್‌ಗಳಲ್ಲಿ ತಡವರಿಸುತ್ತಾರೆ. ನಿಜವಾಗಿ ಹೊಣೆ ಹೊತ್ತವರಿಗೆ ಆ ಪಟ್ಟಿ ಮಗ್ಗಿಯಂತೆ ಬಾಯಿಗೆ ಬರುತ್ತದೆ. ಇವರು ಮೂರು ನಿಮಿಷದಲ್ಲಿ ಬರೆದು, ಹಾಳೆಯನ್ನು ನನ್ನ ಕಡೆ ತಿರುಗಿಸುತ್ತಾ ಅಂದರು: ‘ಸರ್, ರೆಸ್ಯೂಮೆಯಲ್ಲಿ ಹದಿಮೂರು ಅಂತಿದೆ. ಅದರಲ್ಲಿ ಎರಡು ಪಾಯಿಂಟ್ ಬಾಡಿಗೆ ಲೆಕ್ಕ ಬದಲಾಗಿದ್ದಕ್ಕೆ ಬಂದಿದ್ದು. ನನ್ನದು ಅಂತ ಹೇಳ್ಕೊಳ್ಳಕ್ಕಾಗಲ್ಲ.’ ನಾನು ಬಾಡಿಗೆಯ ಮಾತನ್ನು ಇನ್ನೂ ಎತ್ತಿರಲಿಲ್ಲ.

ಮುಂದಿನದು ಅಧಿಕಾರದ ಪ್ರಶ್ನೆ. ಕಂಪನಿಗಳಲ್ಲಿ ಯಾರು ಎಷ್ಟರವರೆಗೆ ಸಹಿ ಹಾಕಬಹುದು ಎಂಬುದಕ್ಕೆ ಬರೆದಿಟ್ಟ ಪಟ್ಟಿ ಇರುತ್ತದೆ. ಗಿರಾಕಿಗೆ ಶೇ 5 ದರ ಇಳಿಸಲು ಯಾರನ್ನು ಕೇಳಬೇಕಿತ್ತು, ಹೊಸ ಯಂತ್ರಕ್ಕೆ ಎಷ್ಟು ಲಕ್ಷದವರೆಗೆ ತಾವೇ ಒಪ್ಪಿಗೆ ಕೊಡಬಹುದಿತ್ತು, ತಮ್ಮ ಕೈಕೆಳಗಿನ ಮ್ಯಾನೇಜರನ್ನು ತೆಗೆಯುವ ತೀರ್ಮಾನ ಯಾರದು ಎಂದು ಕೇಳಿದರೆ ಉತ್ತರ ಮೊಳವೋ ಮಾರೋ ಎಂಬುದು ಬೇಗ ತಿಳಿಯುತ್ತದೆ. ₹182 ಕೋಟಿಯ ವಿಭಾಗಕ್ಕೆ ಮುಖ್ಯಸ್ಥರಾಗಿದ್ದು ಐದು ಲಕ್ಷದ ಲೇತ್‌ಗೆ ಮುಖ್ಯ ಕಚೇರಿಯ ಸಹಿ ಕಾಯುತ್ತಿದ್ದರೆ, ಅವರು ನಮ್ಮ ಹೋಟೆಲಿನ ಗಲ್ಲಾದವರೇ. ಇವರಿಗೆ ದರದಲ್ಲೂ ನೇಮಕದಲ್ಲೂ ಪೂರ್ತಿ ಅಧಿಕಾರವಿತ್ತು. ಯಂತ್ರಗಳಿಗೆ ₹50 ಲಕ್ಷದ ಮಿತಿ.

ಒಂದೇ ಕಡೆ ಇವರು ಎಡವಿದರು. ವಾರ್ಷಿಕ ವರದಿಯಲ್ಲಿ ಆ ವಿಭಾಗದ ಆಸ್ತಿ ವಹಿವಾಟಿಗಿಂತ ಜೋರಾಗಿ ಬೆಳೆದದ್ದನ್ನು ಗುರುತು ಹಾಕಿಕೊಂಡಿದ್ದೆ. ಗಿರಾಕಿಗಳಿಂದ ಹಣ ಬರಲು ಎಷ್ಟು ದಿನ ಹಿಡಿಯುತ್ತಿತ್ತೆಂದು ಕೇಳಿದೆ. ಮೊದಲು 70 ದಿನ, ಕೊನೆಯ ವರ್ಷ 105 ದಿನ ಎಂದರು. ದಿನಕ್ಕೆ ಅರ್ಧ ಕೋಟಿ ಮಾರುವ ವಿಭಾಗದಲ್ಲಿ 35 ದಿನ ಹೆಚ್ಚಾದರೆ ಸುಮಾರು ₹17.5 ಕೋಟಿ ಗಿರಾಕಿಗಳ ಬಳಿ ಸಿಕ್ಕಿಕೊಂಡಿತು ಎಂದರ್ಥ. ಶೇ 10ರ ಬಡ್ಡಿಯಂತೆ ವರ್ಷಕ್ಕೆ ₹1.75 ಕೋಟಿ ಖರ್ಚು. ಬಡ್ಡಿಯಾದ್ದರಿಂದ ಎಬಿಟ್ಡಾದಲ್ಲಿ ಕಾಣುವುದೇ ಇಲ್ಲ. ಅವರು ನಿಜವಾಗಿ ಗಳಿಸಿಕೊಟ್ಟ 2.8 ಅಂಶ ಎಂದರೆ ₹5 ಕೋಟಿ ಚಿಲ್ಲರೆ. ಅದರ ಮೂರನೇ ಒಂದು ಭಾಗ ಹೀಗೆ ಬ್ಯಾಂಕಿಗೆ ಹೋಗಿತ್ತು. ‘ಸಾಲದ ಲೆಕ್ಕ ಮುಖ್ಯ ಕಚೇರಿ ನೋಡ್ಕೋತಿತ್ತು’ ಎಂದರು. ಉಧಾರಿ ಕೊಟ್ಟು ವ್ಯಾಪಾರ ಹೆಚ್ಚಿಸುವುದು ಎಷ್ಟು ಸುಲಭವೆಂದು ಕಿರಾಣಿ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ನನ್ನ ಹಾಳೆಯ ಮೊದಲ ಸಾಲಿನ ಮುಂದೆ ‘ಮುಕ್ಕಾಲು’ ಎಂದು ಬರೆದೆ.

ಇನ್ನು ಬೋರ್ಡು. ‘ಬೋರ್ಡಿಗೆ ವರದಿ ಮಂಡಿಸಿದ್ದೇನೆ’ ಎಂಬ ಮಾತಿನಷ್ಟು ಹಿಗ್ಗುವ ಮಾತು ರೆಸ್ಯೂಮೆಯಲ್ಲಿ ಇನ್ನೊಂದಿಲ್ಲ. ಎಂ.ಡಿ. ಮಾತನಾಡಲೆಂದು ಸ್ಲೈಡು ಮಾಡಿಕೊಟ್ಟವರೂ, ನಿರ್ದೇಶಕರು ಕಾರ್ಖಾನೆ ನೋಡಲು ಬಂದಾಗ ಜೊತೆಗೆ ನಡೆದವರೂ ಅದನ್ನೇ ಬರೆಯುತ್ತಾರೆ. ನಿಜವಾದ ಕ್ರಮ ಬೇರೆ ಇದೆ. ಬೋರ್ಡು ವರ್ಷಕ್ಕೆ ಕನಿಷ್ಠ ನಾಲ್ಕು ಬಾರಿ ಸೇರಬೇಕು, ಎರಡು ಸಭೆಗಳ ನಡುವೆ 120 ದಿನ ಮೀರಬಾರದು. ಸಭೆಯ ನೋಟೀಸು ಕನಿಷ್ಠ ಏಳು ದಿನ ಮುಂಚೆ ಹೋಗಬೇಕು. ಸಾಮಾನ್ಯವಾಗಿ ಚರ್ಚೆಯ ಟಿಪ್ಪಣಿಗಳೂ ಅಷ್ಟು ಮುಂಚೆಯೇ ನಿರ್ದೇಶಕರ ಕೈ ಸೇರಬೇಕು. ಬೋರ್ಡಿನ ಸದಸ್ಯರಲ್ಲದ ವಿಭಾಗದ ಮುಖ್ಯಸ್ಥರು ಆಹ್ವಾನಿತರಾಗಿ ಒಳಗೆ ಬಂದು, ತಮ್ಮ ವಿಷಯ ಮುಗಿದ ಮೇಲೆ ಹೊರಗೆ ಹೋಗುತ್ತಾರೆ. ಹಿಂದಿನ ಸಭೆಯಲ್ಲಿ ಹೇಳಿದ್ದು ಏನಾಯಿತು ಎಂಬ ವರದಿ ಮುಂದಿನ ಸಭೆಗೆ ಬರುತ್ತದೆ.

ಇದರೊಳಗೆ ಬದುಕಿದವರಿಗೆ ಮಾತ್ರ ಗೊತ್ತಿರುವ ಸಂಕಟಗಳಿವೆ. ಅದಕ್ಕೇ ನಾನು ಕೇಳುವುದು ಒಂದೇ ಪ್ರಶ್ನೆ: ‘ಲಾಭ ಆರು ಕೋಟಿ ಬರುತ್ತೆ ಅಂತ ಬೋರ್ಡಿಗೆ ಹೇಳಿ, ನಾಲ್ಕೇ ಬಂದ ತ್ರೈಮಾಸಿಕ ಯಾವುದಾದ್ರೂ ಇದೆಯಾ? ಅವರಿಗೆ ಯಾವಾಗ ಗೊತ್ತಾಯ್ತು?’ ಅಂಥದ್ದು ಆಗಲೇ ಇಲ್ಲ ಎನ್ನುವವರು ಬೋರ್ಡಿನ ಮುಂದೆ ನಿಂತಿಲ್ಲ. ಸಭೆಯ ದಿನ ತಿಳಿಸಿದೆವು ಎನ್ನುವವರು ಅಪಾಯದವರು. ಕೆಟ್ಟ ಸುದ್ದಿಯನ್ನು ಸ್ಲೈಡಿನಲ್ಲಿ ಮೊದಲ ಬಾರಿ ನೋಡಿದ ನಿರ್ದೇಶಕ ಆಮೇಲೆ ಯಾವ ಅಂಕಿಯನ್ನೂ ನಂಬುವುದಿಲ್ಲ. ನಮ್ಮ ಪಂಪ್ ವಿಭಾಗದವರು ಹೇಳಿದ ಉತ್ತರ ನನಗಿನ್ನೂ ನೆನಪಿದೆ. ತಿಂಗಳು ಮುಗಿಯುವ ಮುಂಚೆಯೇ ಎಂ.ಡಿ.ಗೆ ಹೇಳಿದರಂತೆ, ಟಿಪ್ಪಣಿಯಲ್ಲಿ ಎರಡು ಕೋಟಿಯ ಕೊರತೆಯನ್ನು ಒಡೆದು, ರವಾನೆ ತಡವಾಗಿ ತಪ್ಪಿದ್ದು ಎಷ್ಟು, ದರದಲ್ಲಿ ಕಳೆದುಕೊಂಡಿದ್ದು ಎಷ್ಟು, ಮುಂದಿನ ತ್ರೈಮಾಸಿಕದಲ್ಲಿ ವಾಪಸು ಬರುವುದು ಎಷ್ಟು ಎಂದು ಬರೆದರಂತೆ. ‘ಯಾವ ನಿರ್ದೇಶಕರು ಏನಂದರು ಅನ್ನೋದು ಬೇಡ ಸರ್, ಅದು ಅಲ್ಲಿಯ ಮಾತು’ ಎಂದು ಸೇರಿಸಿದರು. ಎರಡನೆಯ ಸಾಲಿನ ಮುಂದೆ ಪೂರ್ತಿ ಗುರುತು ಹಾಕಿದೆ. ಹಳೆಯ ಬೋರ್ಡಿನ ಗುಟ್ಟನ್ನು ಇಲ್ಲಿ ಬಿಚ್ಚುವವರು ನಮ್ಮದನ್ನು ಇನ್ನೊಂದೆಡೆ ಬಿಚ್ಚದೆ ಇರುತ್ತಾರೆಯೇ?

ಎಂ.ಡಿ.ಗೆ ಇವರ ಹೆಸರು ಹೇಳಿ ಎದ್ದೆ. ಏಳುವ ಮುಂಚೆ, ಕಚೇರಿಯವರು ಮೊದಲ ಜರಡಿಯಲ್ಲೇ ತೆಗೆದುಹಾಕಿದ್ದ ಕಟ್ಟನ್ನು ಒಮ್ಮೆ ತಿರುವಿದೆ. ಇದು ನನ್ನ ಹಳೆಯ ಚಾಳಿ. ಹುಬ್ಬಳ್ಳಿಯ ಕಡೆಯ ಒಬ್ಬರ ರೆಸ್ಯೂಮೆ. ಹುದ್ದೆ ‘ವರ್ಕ್ಸ್ ಮ್ಯಾನೇಜರ್’, ಒಂದೇ ಮನೆತನದ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ. ಪಿ ಅಂಡ್ ಎಲ್ ಎಂಬ ಪದ ಎಲ್ಲೂ ಇಲ್ಲ. ಬೋರ್ಡ್ ಎಂಬುದೂ ಇಲ್ಲ. ಅದಕ್ಕೇ ತೆಗೆದಿದ್ದರು. ಎರಡನೆಯ ಪುಟದ ನಡುವೆ ಹೀಗೊಂದು ಸಾಲು: ‘ದರ ಗಿಟ್ಟದ ಕಾರಣ ₹11 ಕೋಟಿಯ ಆರ್ಡರ್ ಕೈಬಿಡಲಾಯಿತು, ಆ ಯಂತ್ರಗಳಲ್ಲಿ ಬಿಡಿಭಾಗಗಳ ತಯಾರಿ ಆರಂಭಿಸಲಾಯಿತು.’

ಬಂದ ಆರ್ಡರನ್ನು ಬೇಡವೆನ್ನಲು ಗಲ್ಲಾದಲ್ಲಿ ಕೂತವರಿಗೆ ಆಗುವುದಿಲ್ಲ. ಮನೆತನದ ಹಿರಿಯರ ಮುಂದೆ ನಿಂತು ಹನ್ನೊಂದು ಕೋಟಿ ಬಿಡುವುದೇಕೆಂದು ಒಪ್ಪಿಸಿದವರು, ಹೂಡಿಕೆದಾರರ ಇಬ್ಬರ ಮುಂದೆ ನಿಲ್ಲಲಾರರೇ? ಅಥವಾ ಆ ತೀರ್ಮಾನ ಹಿರಿಯರದೇ ಆಗಿದ್ದು, ಇವರು ಬರೆದುಕೊಂಡದ್ದು ಮಾತ್ರವೋ? ಕಾಗದದಿಂದ ತಿಳಿಯುವಂತಿರಲಿಲ್ಲ. ಮತ್ತೆ ಕೂತು, ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗೀಟೆಳೆದು, ಫೋನ್ ನಂಬರು ಎಲ್ಲಿದೆಯೆಂದು ಹುಡುಕಿದೆ.